ತಪ್ಪಿಸಿ ತಪ್ಪಿಸಿ ಕಟ್ಟಿದ ಎಸ್‌ಐಪಿಗೆ ವರ್ಷಕ್ಕೆ ಎಷ್ಟು ಗಳಿಕೆ? XIRR ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಿದ್ದು ಇಷ್ಟು, ಈಗ ಇರುವುದು ಇಷ್ಟು. ಇದರಿಂದಲೇ ವರ್ಷದ ಗಳಿಕೆ ಸಿಗುವುದಿಲ್ಲವೇ?

ಒಂದೇ ದಿನ, ಒಂದೇ ಗಂಟಿನಲ್ಲಿ ಹಾಕಿದ ದುಡ್ಡಿಗೆ ಸಿಗುತ್ತದೆ. ಕಂತಿನಲ್ಲಿ ಹಾಕಿದ್ದಕ್ಕೆ ಸಿಗುವುದಿಲ್ಲ, ಏಕೆಂದರೆ ಮೊದಲ ಕಂತು ಎರಡು ವರ್ಷ ದುಡಿದಿದ್ದರೆ ಕೊನೆಯದು ನಾಲ್ಕು ತಿಂಗಳು ಕೂಡ ದುಡಿದಿರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಉತ್ತರ ಕೆಡುತ್ತದೆ, ಅದೂ ಸ್ವಲ್ಪಸ್ವಲ್ಪ ಅಲ್ಲ.

ಈ ಪುಟದ ಉದ್ದಕ್ಕೂ ಒಂದೇ ಲೆಕ್ಕ ಇಟ್ಟುಕೊಳ್ಳೋಣ. ಶಿರಸಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಒಂದು ಈಕ್ವಿಟಿ ಫಂಡಿಗೆ ಪ್ರತಿ ತಿಂಗಳು 5ನೇ ತಾರೀಕು ಕಟ್ಟುವುದೆಂದು ಶುರು ಮಾಡಿದರು ಎಂದಿಟ್ಟುಕೊಳ್ಳಿ. ಕೈಯಲ್ಲಿ ದುಡ್ಡು ಓಡಾಡಿದ ಹಾಗೆ ಕಂತೂ ಏರಿಳಿಯಿತು. ಕೆಲವು ತಿಂಗಳು ಬಿಟ್ಟುಹೋಯಿತು, ನವೆಂಬರಿನಲ್ಲಿ ಅಡಿಕೆ ದುಡ್ಡು ಬಂದಾಗ ಒಂದಿಷ್ಟು ದೊಡ್ಡ ಮೊತ್ತ ಸೇರಿತು, ಮರುವರ್ಷ ಜೂನಿನಲ್ಲಿ ಮಕ್ಕಳ ಶಾಲೆ ಫೀಸಿಗೆ 12,000 ರೂಪಾಯಿ ವಾಪಸ್ ತೆಗೆದರು. 2024ರ ಡಿಸೆಂಬರ್ 31ಕ್ಕೆ ಉಳಿದ ಯೂನಿಟ್‌ಗಳ ಬೆಲೆ 61,500 ರೂಪಾಯಿ. ಅಂಕಿಗಳು ಉದಾಹರಣೆಗಾಗಿ ಕಟ್ಟಿದವು, ಆದರೆ ಎಕ್ಸೆಲ್‌ನಂಥ ಹಾಳೆಯಲ್ಲಿ ಹಾಕಿ ನೋಡಿದರೆ ಇಲ್ಲಿ ಕೊಟ್ಟ ಉತ್ತರವೇ ಬರುತ್ತದೆ.

```
     A              B
1    Date           Amount
2    05-Jan-2023    -5000
3    06-Feb-2023    -5000
4    06-Mar-2023    -5000
5    05-Jun-2023    -10000
6    05-Sep-2023    -3000
7    20-Nov-2023    -20000
8    05-Feb-2024    -5000
9    10-Jun-2024    12000
10   05-Sep-2024    -10000
11   31-Dec-2024    61500
```

ಒಟ್ಟು ಕಟ್ಟಿದ್ದು 63,000. ವಾಪಸ್ ಬಂದದ್ದು 12,000, ಉಳಿದಿರುವುದು 61,500, ಅಂದರೆ 73,500. ಲಾಭ 10,500. ಇದನ್ನು 63,000ಕ್ಕೆ ಭಾಗಿಸಿದರೆ 16.67%. ಎರಡು ವರ್ಷ ಅಂತ ಅರ್ಧ ಮಾಡಿದರೆ 8.33%. ಚಕ್ರಬಡ್ಡಿ ಸೂತ್ರದಲ್ಲಿ, ಅಂದರೆ ಸಿಎಜಿಆರ್ ಲೆಕ್ಕದಲ್ಲಿ ಹಾಕಿದರೆ ಸುಮಾರು 8.06%. ಮೂರನ್ನೂ ನೋಡಿದವರು ‘ಇದಕ್ಕಿಂತ ಬ್ಯಾಂಕಿನಲ್ಲಿ ಡೆಪಾಸಿಟ್ ಇಡಬಹುದಿತ್ತು’ ಎನ್ನುತ್ತಾರೆ. ಆದರೆ ಇದೇ ಲೆಕ್ಕದ XIRR 14.12%. 63,000 ರೂಪಾಯಿಯೂ ಎರಡು ವರ್ಷ ಫಂಡಿನಲ್ಲಿ ಕೂತಿತ್ತು ಎಂದು ಮೊದಲ ಲೆಕ್ಕಗಳು ನಂಬಿಕೊಂಡಿದ್ದವು. ಅದು ಹಾಗೆ ಕೂತಿರಲೇ ಇಲ್ಲ.

XIRR ಒಳಗೆ ಏನು ನಡೆಯುತ್ತದೆ?

ಪ್ರಶ್ನೆಯನ್ನು ಉಲ್ಟಾ ಕೇಳಿದರೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಉಳಿತಾಯ ಖಾತೆ ಇದೆ, ಅದು ವರ್ಷಕ್ಕೆ ಒಂದೇ ದರದಲ್ಲಿ ಚಕ್ರಬಡ್ಡಿ ಕೊಡುತ್ತದೆ ಎಂದುಕೊಳ್ಳಿ. ಇದೇ ತಾರೀಕುಗಳಲ್ಲಿ ಇದೇ ಮೊತ್ತ ಅದಕ್ಕೆ ಕಟ್ಟಿ, 2024ರ ಜೂನ್ 10ರಂದು 12,000 ತೆಗೆದು, ಡಿಸೆಂಬರ್ 31ಕ್ಕೆ ಸರಿಯಾಗಿ 61,500 ಉಳಿಯಬೇಕಾದರೆ ಆ ಬಡ್ಡಿ ದರ ಎಷ್ಟಿರಬೇಕು? ಆ ದರವೇ XIRR.

ಇದಕ್ಕೆ ನೇರವಾಗಿ ಉತ್ತರ ಕೊಡುವ ಸೂತ್ರವಿಲ್ಲ, ಹಾಕಿ ನೋಡಿ ಸರಿಪಡಿಸಬೇಕು. ನಮ್ಮ ಉದಾಹರಣೆಯಲ್ಲಿ 10% ಎಂದು ಹಾಕಿದರೆ ಕೊನೆಗೆ ಉಳಿಯುವುದು ಸುಮಾರು 58,356 ರೂಪಾಯಿ. ಕಡಿಮೆಯಾಯಿತು. 14% ಹಾಕಿದರೆ 61,407, ಹತ್ತಿರ ಬಂತು. 14.12%ಕ್ಕೆ 61,500 ಮುಟ್ಟುತ್ತದೆ. ಎಕ್ಸೆಲ್ ಮಾಡುವುದೂ ಇದನ್ನೇ. ನೀವು ಬೇರೆ ಏನೂ ಹೇಳದಿದ್ದರೆ 10%ರಿಂದ ಶುರು ಮಾಡಿ, ಗರಿಷ್ಠ 100 ಸಲ ತಿದ್ದಿ ನೋಡುತ್ತದೆ. ಅಷ್ಟರಲ್ಲಿ ಉತ್ತರ ಸಿಗದಿದ್ದರೆ ಕೈಚೆಲ್ಲುತ್ತದೆ.

ಪ್ರತಿ ಕಂತಿನ ವಯಸ್ಸನ್ನು ಅದು ದಿನದಲ್ಲಿ ಎಣಿಸಿ 365ರಿಂದ ಭಾಗಿಸುತ್ತದೆ. ಅಧಿಕ ವರ್ಷವಾದರೂ 365ರಿಂದಲೇ. 2023ರ ಜನವರಿ 5ರ ಕಂತು 2024ರ ಡಿಸೆಂಬರ್ 31ಕ್ಕೆ 726 ದಿನ ದುಡಿದಿದೆ, 2024ರ ಸೆಪ್ಟೆಂಬರಿನ 10,000 ಬರೀ 117 ದಿನ.

ಹಾಳೆಯಲ್ಲಿ ಹಾಕುವುದು ಹೇಗೆ?

ಎರಡು ಕಾಲಂ ಸಾಕು. ಒಂದರಲ್ಲಿ ತಾರೀಕು, ಇನ್ನೊಂದರಲ್ಲಿ ಮೊತ್ತ. ನಿಮ್ಮ ಜೇಬಿನಿಂದ ಹೋದದ್ದು ಮೈನಸ್, ಜೇಬಿಗೆ ಬಂದದ್ದು ಪ್ಲಸ್. ಕೊನೆಯ ಸಾಲಿನಲ್ಲಿ ಇವತ್ತಿನ ಬೆಲೆಯನ್ನು ಪ್ಲಸ್ ಆಗಿ ಬರೆಯಬೇಕು. ಅಂದರೆ ಎಲ್ಲ ಯೂನಿಟ್‌ಗಳನ್ನೂ ಇವತ್ತು ಮಾರಿದಂತೆ ಲೆಕ್ಕ. ಆಮೇಲೆ ಖಾಲಿ ಇರುವ ಒಂದು ಸೆಲ್ಲಿನಲ್ಲಿ ಹೀಗೆ ಬರೆಯಿರಿ:

```
=XIRR(B2:B11, A2:A11)
```

ಮೊತ್ತ ಮೊದಲು, ತಾರೀಕು ಆಮೇಲೆ. ಉತ್ತರ 0.1412 ಎಂದು ಕಂಡರೆ ಆ ಸೆಲ್ಲನ್ನು ಶೇಕಡಾ ರೂಪಕ್ಕೆ ಬದಲಿಸಿದರೆ 14.12% ಆಗುತ್ತದೆ. ಗೂಗಲ್ ಶೀಟ್ಸ್‌ನಲ್ಲೂ ಇದೇ ಸೂತ್ರ. ಲಿಬ್ರೆಆಫೀಸ್‌ನಲ್ಲಿ ಕೆಲವು ಸೆಟ್ಟಿಂಗ್‌ಗಳಲ್ಲಿ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಬೇಕಾಗುತ್ತದೆ.

ಸಾಲುಗಳು ತಾರೀಕಿನ ಕ್ರಮದಲ್ಲೇ ಇರಬೇಕೆಂದಿಲ್ಲ. ಆದರೆ ಮೊದಲ ಸಾಲಿನ ತಾರೀಕೇ ಎಲ್ಲಕ್ಕಿಂತ ಹಳೆಯದಾಗಿರಲಿ, ಅದಕ್ಕಿಂತ ಹಿಂದಿನ ತಾರೀಕು ಕೆಳಗೆಲ್ಲೋ ಇದ್ದರೆ ಎಕ್ಸೆಲ್ `#NUM!` ಎನ್ನುತ್ತದೆ. ಮೊದಲ ಸಾಲಿನ ಮೊತ್ತ ಸೊನ್ನೆಯಾಗಿರುವುದೂ ಬೇಡ. ಎಕ್ಸೆಲ್‌ನ ಹಲವು ಆವೃತ್ತಿಗಳು ಅದರಿಂದ ದಾರಿ ತಪ್ಪುತ್ತವೆ.

ಕಟ್ಟದೇ ಬಿಟ್ಟ ತಿಂಗಳಿಗೆ ಸೊನ್ನೆ ಬರೆಯಬೇಕೇ?

ಬೇಕಿಲ್ಲ. ಆ ಸಾಲೇ ಬೇಡ. XIRR ತಿಂಗಳನ್ನು ಎಣಿಸುವುದಿಲ್ಲ, ತಾರೀಕನ್ನು ನೋಡುತ್ತದೆ. ಮೇಲಿನ ಪಟ್ಟಿಯಲ್ಲಿ 2023ರ ಏಪ್ರಿಲ್, ಮೇ, ಜುಲೈ, ಆಗಸ್ಟ್ ಇಲ್ಲವೇ ಇಲ್ಲ, ಅದರಿಂದ ಏನೂ ಕೆಡುವುದಿಲ್ಲ.

ಸೊನ್ನೆ ತುಂಬಬೇಕಾದದ್ದು `IRR` ಎಂಬ ಅದರ ಅಣ್ಣನಿಗೆ. ಅದಕ್ಕೆ ತಾರೀಕು ಗೊತ್ತಿಲ್ಲ, ಸಾಲಿನಿಂದ ಸಾಲಿಗೆ ಒಂದೇ ಅಂತರ ಎಂದು ನಂಬುತ್ತದೆ. ಬಿಟ್ಟ ತಿಂಗಳನ್ನು ಅಲ್ಲಿ ತೋರಿಸದಿದ್ದರೆ ಇಡೀ ಅವಧಿಯೇ ಕುಗ್ಗಿಬಿಡುತ್ತದೆ, ತೋರಿಸಿದರೂ ಬರುವುದು ತಿಂಗಳ ದರ. ಕಂತು ಏರುಪೇರಾಗಿರುವವರು ಅದರ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು.

ಬ್ಯಾಂಕಿನಲ್ಲಿ ದುಡ್ಡಿಲ್ಲದೆ ಬೌನ್ಸ್ ಆದ ಕಂತು?

ಅದನ್ನೂ ಬರೆಯಬಾರದು, ಇಲ್ಲೇ ಹೆಚ್ಚಿನವರು ಎಡವುವುದು. ‘5ನೇ ತಾರೀಕು, 5,000’ ಎಂದು ಎಸ್‌ಐಪಿ ವೇಳಾಪಟ್ಟಿ ನೋಡಿಕೊಂಡು ಹಾಳೆ ತುಂಬುತ್ತಾರೆ, ನಿಜವಾಗಿ ಹೋದದ್ದನ್ನು ನೋಡುವುದಿಲ್ಲ.

ನಮ್ಮ ಬೆಳೆಗಾರರ 2023ರ ಏಪ್ರಿಲ್ 5ರ ಕಂತು ಬೌನ್ಸ್ ಆಗಿತ್ತೆಂದುಕೊಳ್ಳಿ. ಗೊತ್ತಿಲ್ಲದೆ ಆ ಒಂದು ಸಾಲು, −5000, ಸೇರಿಸಿದರೆ XIRR 14.12%ರಿಂದ 6.72%ಕ್ಕೆ ಇಳಿಯುತ್ತದೆ. ಹತ್ತು ಸಾಲಿನ ಪಟ್ಟಿಗೆ ಒಂದೇ ಒಂದು ಸುಳ್ಳು ಸಾಲು ಸೇರಿ ಗಳಿಕೆ ಅರ್ಧಕ್ಕಿಂತ ಕೆಳಗೆ ಬಂತು. ಕಾರಣ ಸರಳ. ಕೊನೆಯ ಬೆಲೆ 61,500 ಬದಲಾಗಿಲ್ಲ, ಆದರೆ ಕಟ್ಟಿದ್ದು 5,000 ಹೆಚ್ಚಾಯಿತು. ಹಾಗಾಗಿ 10,500 ಇದ್ದ ಲಾಭ 5,500 ಆಯಿತು.

ಬೌನ್ಸ್‌ಗೆ ಬ್ಯಾಂಕು ಹಿಡಿದುಕೊಂಡ ದಂಡ ಫಂಡಿನ ತಪ್ಪಲ್ಲ, ಹಾಗಾಗಿ ಫಂಡನ್ನು ಅಳೆಯುವಾಗ ಅದನ್ನು ಸೇರಿಸಬೇಡಿ. ‘ಈ ವ್ಯವಹಾರದಿಂದ ಮನೆಗೆ ಒಟ್ಟಾರೆ ಏನು ಉಳಿಯಿತು’ ಎಂದು ನೋಡುವವರು ಆ ದಿನದ ತಾರೀಕಿಗೆ ಅದನ್ನು ಇನ್ನೊಂದು ಮೈನಸ್ ಸಾಲಾಗಿ ಹಾಕಬಹುದು.

ತಾರೀಕು ಮತ್ತು ಮೊತ್ತ ಎಲ್ಲಿಂದ ತೆಗೆದುಕೊಳ್ಳಬೇಕು?

ನೆನಪಿನಿಂದ ಬೇಡ, ಬ್ಯಾಂಕ್ ಪಾಸ್‌ಬುಕ್‌ನಿಂದಲೂ ಬೇಡ. ಕ್ಯಾಮ್ಸ್, ಕೆಫಿನ್‌ಟೆಕ್ ಅಥವಾ ಎಂಎಫ್ ಸೆಂಟ್ರಲ್ ತಾಣದಿಂದ ಏಕೀಕೃತ ಖಾತೆ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ಕೇಳುವಾಗ ಎರಡು ಕಡೆ ಗಮನ ಕೊಡಿ. ಸಾರಾಂಶ ಬೇಡ, ವಹಿವಾಟು ಸಹಿತ ವಿವರವಾದದ್ದು ಬೇಕು. ಅವಧಿ ಈ ಹಣಕಾಸು ವರ್ಷದ್ದಲ್ಲ, ಮೊದಲ ಕಂತಿಗಿಂತ ಹಿಂದಿನಿಂದ ಇರಬೇಕು.

ಸ್ಟೇಟ್‌ಮೆಂಟಿನಲ್ಲಿ ತಾರೀಕು ನೋಡಿ ಕೆಲವರಿಗೆ ಅನುಮಾನ ಬರುತ್ತದೆ: ‘ನನ್ನದು 5ನೇ ತಾರೀಕು, ಇಲ್ಲಿ 6 ಎಂದಿದೆಯಲ್ಲ?’ 2023ರ ಫೆಬ್ರವರಿ 5 ಮತ್ತು ಮಾರ್ಚ್ 5 ಎರಡೂ ಭಾನುವಾರ. ರಜೆ ದಿನ ಬಂದರೆ ಕಂತು ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಜೊತೆಗೆ 2021ರ ಫೆಬ್ರವರಿಯಿಂದ ದುಡ್ಡು ಫಂಡಿನ ಕೈ ಸೇರಿದ ದಿನದ ಎನ್‌ಎವಿಯೇ, ಅಂದರೆ ಆ ದಿನದ ಯೂನಿಟ್ ಬೆಲೆಯೇ ಸಿಗುವುದು, ಹಾಗಾಗಿ ಬ್ಯಾಂಕಿನಿಂದ ಕಡಿತವಾದ ದಿನ ಮತ್ತು ಯೂನಿಟ್ ಸಿಕ್ಕ ದಿನ ಒಂದೆರಡು ದಿನ ಬೇರೆಯಾಗುತ್ತವೆ. ಫಂಡಿನ ಸಾಧನೆ ನೋಡುವವರು ಸ್ಟೇಟ್‌ಮೆಂಟಿನ ತಾರೀಕನ್ನೇ ಹಿಡಿಯಲಿ. ವರ್ಷಗಟ್ಟಲೆಯ ಲೆಕ್ಕದಲ್ಲಿ ಒಂದೆರಡು ದಿನದಿಂದ ಆಗುವ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ಅರ್ಧ ಸಾಲು ಒಂದು ಕಡೆಯಿಂದ, ಅರ್ಧ ಇನ್ನೊಂದು ಕಡೆಯಿಂದ ತಂದರೆ ಒಂದೇ ಕಂತು ಎರಡು ಸಲ ಸೇರಿಕೊಳ್ಳುವ ಅಪಾಯವಿದೆ.

2020ರ ಜುಲೈಯಿಂದ ಪ್ರತಿ ಕಂತಿಗೂ 0.005% ಸ್ಟಾಂಪ್ ಡ್ಯೂಟಿ ಇದೆ. 5,000ಕ್ಕೆ 25 ಪೈಸೆ. ಸ್ಟೇಟ್‌ಮೆಂಟಿನಲ್ಲಿ 4,999.75 ಎಂದು ಕಂಡರೂ ನಿಮ್ಮ ಜೇಬಿನಿಂದ ಹೋದದ್ದು 5,000. ಅದನ್ನೇ ಬರೆಯಿರಿ.

ಸ್ಟೇಟ್‌ಮೆಂಟಿನಿಂದ ಕಾಪಿ ಮಾಡಿದರೆ ಮೈನಸ್-ಪ್ಲಸ್ ಉಲ್ಟಾ ಬರುತ್ತಿದೆ. ಏಕೆ?

ಸ್ಟೇಟ್‌ಮೆಂಟ್ ಬರೆದಿರುವುದು ಫಂಡಿನ ಕಡೆಯಿಂದ. ನೀವು ಕಟ್ಟಿದ್ದು ಅದಕ್ಕೆ ಒಳಬರುವ ದುಡ್ಡು, ಹಾಗಾಗಿ ಪ್ಲಸ್. ನೀವು ತೆಗೆದದ್ದನ್ನು ಕಂಸದಲ್ಲಿ, (12,000.00) ಎಂದು ಮುದ್ರಿಸಿರುತ್ತದೆ. ಕಂಸದೊಳಗಿನ ಅಂಕಿಯನ್ನು ಎಕ್ಸೆಲ್ ಮೈನಸ್ ಎಂದು ಓದುತ್ತದೆ.

ಕಾಲಂ ಪೂರ್ತಿ ಉಲ್ಟಾ ಆಗಿದ್ದರೆ ತೊಂದರೆಯಿಲ್ಲ. ಎಲ್ಲ ಗುರುತುಗಳೂ ತಿರುಗಿದರೆ XIRR ಅದೇ ಬರುತ್ತದೆ, ಆದರೆ ಆಗ ಕೊನೆಯ ಬೆಲೆಯನ್ನೂ ಮೈನಸ್ ಆಗಿ ಬರೆಯಬೇಕು. ಕೆಡುವುದು ಅರ್ಧಂಬರ್ಧ ತಿರುಗಿಸಿದಾಗ. ಕಂತುಗಳನ್ನೆಲ್ಲ ಕೈಯಿಂದ ಮೈನಸ್ ಮಾಡಿ, ತೆಗೆದ 12,000 ಮೊದಲಿನಿಂದಲೇ ಮೈನಸ್ ಇದ್ದದ್ದು ಗಮನಕ್ಕೆ ಬಾರದೆ ಹೋದರೆ, ವಾಪಸ್ ಬಂದ ದುಡ್ಡು ಇನ್ನೊಂದು ಕಂತಾಗಿಬಿಡುತ್ತದೆ. ತಿದ್ದುವುದಕ್ಕೆ ಸುಲಭ ದಾರಿ, ಪಕ್ಕದ ಕಾಲಂನಲ್ಲಿ `=-B2` ಎಂದು ಬರೆದು ಕೆಳಗಿನವರೆಗೂ ಎಳೆಯುವುದು. ಕೊನೆಯ ಬೆಲೆಯ ಸಾಲನ್ನು ಮಾತ್ರ ಆಮೇಲೆ ಕೈಯಿಂದ ಸೇರಿಸಿ.

ಉತ್ತರ `#VALUE!` ಎಂದು ಬರುತ್ತದೆ.

ಯಾವುದೋ ತಾರೀಕು ನಿಮ್ಮ ಕಣ್ಣಿಗೆ ತಾರೀಕು, ಹಾಳೆಗೆ ಬರೀ ಅಕ್ಷರ. ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಕಂಪ್ಯೂಟರು ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಅದಕ್ಕೆ ತಿಂಗಳು ಮೊದಲು. ಆಗ 20-11-2023 ಎಂದು ಬರೆದರೆ ಇಪ್ಪತ್ತನೇ ತಿಂಗಳು ಯಾವುದೆಂದು ತಿಳಿಯದೆ ಅದನ್ನು ಅಕ್ಷರವಾಗಿ ಬಿಟ್ಟುಬಿಡುತ್ತದೆ. ಗುರುತು ಹಿಡಿಯುವುದು ಸುಲಭ: ನಿಜವಾದ ತಾರೀಕು ಸೆಲ್ಲಿನ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರ ಎಡಕ್ಕೆ. ಅನುಮಾನವಿದ್ದರೆ `=ISNUMBER(A7)` ಹಾಕಿ, `FALSE` ಬಂದರೆ ಅದೇ ಕಳ್ಳ.

ಇದಕ್ಕಿಂತ ಕೆಟ್ಟದ್ದು ದೋಷವೇ ತೋರಿಸದೆ ತಪ್ಪು ಉತ್ತರ ಕೊಡುವುದು. 05-01-2023 ಎಂದರೆ ಜನವರಿ 5ರ ಬದಲು ಮೇ 1, 05-09-2023 ಎಂದರೆ ಮೇ 9. ಎಸ್‌ಐಪಿ ತಾರೀಕು 1ರಿಂದ 12ರೊಳಗೆ ಇರುವವರಿಗೆಲ್ಲ ಈ ಅಪಾಯ ಇದೆ, ಏಕೆಂದರೆ ಅಂಥ ತಾರೀಕು ಎರಡು ರೀತಿಯಲ್ಲೂ ಓದಿಸಿಕೊಳ್ಳುತ್ತದೆ. ಪಕ್ಕದಲ್ಲಿ `=A3-A2` ಎಂದು ಹಾಕಿ ಕೆಳಗೆಳೆಯಿರಿ. ನಮ್ಮ ಪಟ್ಟಿಯಲ್ಲಿ 32, 28, 91, 92 ಎಂದು ಬರಬೇಕು. 3, 5 ಅಥವಾ ಮೈನಸ್ ಅಂಕಿ ಕಂಡರೆ ತಾರೀಕು ಅದಲುಬದಲಾಗಿದೆ ಎಂದೇ ಅರ್ಥ.

ಗೂಗಲ್ ಶೀಟ್ಸ್‌ನಲ್ಲಿ `File` → `Settings` → `Locale` ಹೋಗಿ `India` ಆರಿಸಿ, ಆಮೇಲೆ ತಾರೀಕುಗಳನ್ನು ಮತ್ತೆ ನಮೂದಿಸಿ. ಎಕ್ಸೆಲ್‌ನಲ್ಲಿ ಕಾಲಂ ಆರಿಸಿಕೊಂಡು `Data` → `Text to Columns`, ಕೊನೆಯ ಹಂತದಲ್ಲಿ `Date: DMY`. ಇದು ಅಕ್ಷರವಾಗಿ ಉಳಿದವನ್ನು ಸರಿಮಾಡುತ್ತದೆ. ಆಗಲೇ ತಪ್ಪು ತಿಂಗಳಿಗೆ ತಿರುಗಿದವನ್ನು ಮಾತ್ರ ಹೊಸದಾಗಿಯೇ ಬರೆಯಬೇಕು. ಮೇಲಿನ ಪಟ್ಟಿಯಲ್ಲಿ ತಿಂಗಳನ್ನು ಅಕ್ಷರದಲ್ಲಿ, `05-Jan-2023` ಎಂದು ಬರೆದಿರುವುದು ಈ ರಗಳೆ ತಪ್ಪಿಸಲಿಕ್ಕೇ.

`#NUM!` ಅಥವಾ 0.00% ಬಂದರೆ?

`#NUM!` ಬಂದಾಗ ಮೊದಲು ನೋಡಬೇಕಾದದ್ದು, ಮೊತ್ತದ ಕಾಲಂನಲ್ಲಿ ಕನಿಷ್ಠ ಒಂದು ಪ್ಲಸ್, ಒಂದು ಮೈನಸ್ ಇದೆಯೇ ಎಂದು. ಕೊನೆಯ ಬೆಲೆಯ ಸಾಲನ್ನೇ ಮರೆತಿರುವುದು ಮಾಮೂಲಿ. ಆಮೇಲೆ ಸೂತ್ರದ ಎರಡು ಭಾಗಗಳು ಒಂದೇ ಉದ್ದ ಇವೆಯೇ ನೋಡಿ. `B2:B11` ಜೊತೆ `A2:A10` ಎಂದು ಬರೆದರೆ ಕೆಲಸ ಕೆಡುತ್ತದೆ. ಹೊಸ ಕಂತು ಸೇರಿಸಿ ಸೂತ್ರದ ಒಂದು ಕಡೆ ಮಾತ್ರ ತಿದ್ದಿದಾಗ ಹೀಗಾಗುತ್ತದೆ.

0.00% ಬಂದರೆ ಇನ್ನೂ ಎಚ್ಚರಿಕೆ ಬೇಕು. ಆ ಸೆಲ್ಲಿನ ಶೇಕಡಾ ರೂಪ ತೆಗೆದು ನೋಡಿ. 2.98E-09 ಎಂಬ ವಿಚಿತ್ರ ಅಂಕಿ ಕಂಡರೆ ಅದು ಗಳಿಕೆ ಸೊನ್ನೆ ಎಂಬ ಉತ್ತರ ಅಲ್ಲ, ಎಕ್ಸೆಲ್ ಹುಡುಕಾಟ ಕೈಬಿಟ್ಟ ಗುರುತು. ದೊಡ್ಡ ನಷ್ಟದಲ್ಲಿರುವ ಖಾತೆಗೆ ಇದು ಆಗುತ್ತದೆ, ಏಕೆಂದರೆ ಅದು 10% ಲಾಭದ ಕಡೆಯಿಂದ ಹುಡುಕಲು ಶುರುಮಾಡಿರುತ್ತದೆ. ಮೂರನೆಯ ಭಾಗವಾಗಿ ನಿಮ್ಮ ಅಂದಾಜನ್ನು ಕೊಡಿ:

```
=XIRR(B2:B11, A2:A11, -0.1)
```

ಇದಕ್ಕೂ ಬಗ್ಗದಿದ್ದರೆ −0.3 ಹಾಕಿ ನೋಡಿ.

ಬಂದ ಉತ್ತರ ಸರಿಯೇ ಎಂದು ಕೈಲೆಕ್ಕದಲ್ಲಿ ನೋಡಲು ದಾರಿ ಇದೆಯೇ?

ಇದೆ. XIRR ಬಂದ ತಕ್ಷಣ ಇದನ್ನೊಂದು ಮಾಡುವ ಅಭ್ಯಾಸ ಇಟ್ಟುಕೊಂಡರೆ ಮೇಲೆ ಹೇಳಿದ ಬಹುಪಾಲು ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಪ್ರತಿ ರೂಪಾಯಿ ಎಷ್ಟು ವರ್ಷ ದುಡಿಯಿತು ಎಂದು ಕೂಡುವುದು, ಅಷ್ಟೇ. `C2`ರಲ್ಲಿ ಹೀಗೆ ಬರೆದು `C11`ರವರೆಗೆ ಎಳೆಯಿರಿ:

```
=B2*($A$11-A2)/365
```

ಅದರ ಕೆಳಗೆ:

```
=SUM(B2:B11)/-SUM(C2:C11)
```

ನಮ್ಮ ಪಟ್ಟಿಯಲ್ಲಿ ಮೇಲಿನ ಸಂಖ್ಯೆ 10,500, ಅಂದರೆ ಒಟ್ಟು ಲಾಭ. ಕೆಳಗಿನದು 71,619. ಅಂದರೆ ಈ ಎರಡು ವರ್ಷದಲ್ಲಿ ಇವರ ದುಡ್ಡೆಲ್ಲ ಸೇರಿ ದುಡಿದದ್ದು, 71,619 ರೂಪಾಯಿ ಒಂದೇ ವರ್ಷ ದುಡಿದದ್ದಕ್ಕೆ ಸಮ. ಭಾಗಿಸಿದರೆ 14.66%. ಇದು ಸರಳ ಬಡ್ಡಿಯ ಲೆಕ್ಕ, XIRR ಚಕ್ರಬಡ್ಡಿಯದು, ಆದ್ದರಿಂದ 14.12% ಅದಕ್ಕಿಂತ ತುಸು ಕೆಳಗಿದೆ. ಐದಾರು ವರ್ಷದೊಳಗಿನ ಖಾತೆಯಲ್ಲಿ ಇವೆರಡೂ ಸುಮಾರಾಗಿ ಅಕ್ಕಪಕ್ಕ ಇರಬೇಕು. ಕೈಲೆಕ್ಕ 14 ಎಂದು, XIRR 45 ಎಂದು ಹೇಳುತ್ತಿದ್ದರೆ XIRR ಅನ್ನು ನಂಬಬೇಡಿ. ಹಳೆಯ ಖಾತೆಯಲ್ಲಿ ಚಕ್ರಬಡ್ಡಿಯ ಪಾಲು ದೊಡ್ಡದಾಗಿ ಅಂತರವೂ ಬೆಳೆಯುತ್ತದೆ, ಅಲ್ಲಿ ಈ ಪರೀಕ್ಷೆ ಬರೀ ದಿಕ್ಕು ತೋರಿಸುತ್ತದೆ. ಮತ್ತು ಇದು ಹಾಳೆಯೊಳಗಿನ ಲೆಕ್ಕವನ್ನು ಪರೀಕ್ಷಿಸುತ್ತದೆಯೇ ಹೊರತು, ನೀವು ಒಂದು ಸಾಲನ್ನೇ ಬಿಟ್ಟಿದ್ದರೆ ಅದಕ್ಕೂ ಗೊತ್ತಾಗುವುದಿಲ್ಲ. ಅದಕ್ಕೆ `SUM(B2:B11)` ಕೊಡುವ ಲಾಭವನ್ನು ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡಬೇಕು.

ತೆಗೆದ ದುಡ್ಡನ್ನು ‘ಕಟ್ಟಿದ್ದರಲ್ಲಿ ಕಳೆದು’ ಬರೆದರೆ ಸಾಲದೇ?

ಸಾಲದು. 12,000 ಹೊರಬಂದದ್ದು 2024ರ ಜೂನ್ 10ರಂದು, ಅದು ಅಲ್ಲಿಯವರೆಗೆ ದುಡಿದಿದೆ. ಅದನ್ನು ಹಳೆಯ ಕಂತುಗಳಲ್ಲೇ ಕಳೆದುಬಿಟ್ಟರೆ ಆ ದುಡ್ಡು ಫಂಡಿನಲ್ಲಿ ಇರಲೇ ಇಲ್ಲ ಎಂದಂತಾಗುತ್ತದೆ. ಆ ಸಾಲನ್ನು ಪೂರ್ತಿ ಮರೆತರಂತೂ 63,000 ಕಟ್ಟಿ 61,500 ಉಳಿದಂತೆ ಕಂಡು XIRR ಸುಮಾರು −2% ಬರುತ್ತದೆ. ಒಳ್ಳೆಯ ಫಂಡನ್ನು ‘ನಷ್ಟದಲ್ಲಿದೆ’ ಎಂದು ಮಾರಿಬಿಡಲು ಇಷ್ಟು ಸಾಕು.

ಬರೆಯಬೇಕಾದ ಮೊತ್ತ, ಖಾತೆಗೆ ನಿಜವಾಗಿ ಜಮೆಯಾದದ್ದು. ನಿರ್ಗಮನ ಶುಲ್ಕ, ಅಂದರೆ ಎಕ್ಸಿಟ್ ಲೋಡ್ ಕಡಿತವಾಗಿದ್ದರೆ ಅದು ಕಳೆದ ಮೇಲಿನ ಅಂಕಿ.

ಲಾಭಾಂಶ ಬ್ಯಾಂಕಿಗೆ ಬಂದಿದ್ದರೆ ಅದು ಬಂದ ದಿನಕ್ಕೆ ಪ್ಲಸ್ ಸಾಲು. ಅದೇ ಫಂಡಿನಲ್ಲಿ ಮರುಹೂಡಿಕೆಯಾಗಿದ್ದರೆ ಏನೂ ಬರೆಯಬೇಡಿ, ಅದು ಹೆಚ್ಚುವರಿ ಯೂನಿಟ್ ಆಗಿ ಕೊನೆಯ ಬೆಲೆಯಲ್ಲಿ ಸೇರಿಯೇ ಇರುತ್ತದೆ. ಒಂದು ಫಂಡಿನಿಂದ ಇನ್ನೊಂದಕ್ಕೆ ಬದಲಾಯಿಸಿದ್ದರೆ, ಬೇರೆಬೇರೆ ಲೆಕ್ಕದಲ್ಲಿ ಮೊದಲನೆಯದಕ್ಕೆ ಪ್ಲಸ್, ಎರಡನೆಯದಕ್ಕೆ ಮೈನಸ್. ಎಲ್ಲ ಫಂಡುಗಳ ಒಟ್ಟು ಲೆಕ್ಕದಲ್ಲಿ ಆ ಸಾಲೇ ಬೇಡ, ದುಡ್ಡು ನಿಮ್ಮ ಜೇಬಿಗೆ ಬರಲೇ ಇಲ್ಲವಲ್ಲ.

ಕೊನೆಯ ಸಾಲಿಗೆ `TODAY()` ಹಾಕಬಹುದೇ?

ಹಾಕಬಹುದು, ಆದರೆ ಬೆಲೆಯೂ ಅದೇ ದಿನದ್ದಾಗಿದ್ದರೆ ಮಾತ್ರ. ಸೋಮವಾರ ಬೆಳಿಗ್ಗೆ ನಿಮ್ಮ ಕೈಲಿರುವುದು ಶುಕ್ರವಾರದ ಎನ್‌ಎವಿ. ಯಾವ ದಿನದ ಎನ್‌ಎವಿಯಿಂದ ಬೆಲೆ ಕಟ್ಟಿದಿರೋ ಆ ತಾರೀಕನ್ನೇ ಬರೆಯಿರಿ. ಹೋದ ತಿಂಗಳ ಬೆಲೆ ಉಳಿದು ತಾರೀಕು ಮಾತ್ರ ತಾನೇ ಮುಂದೆ ಓಡುತ್ತಿದ್ದರೆ XIRR ದಿನದಿನವೂ ಸವೆಯುತ್ತಾ ಹೋಗುತ್ತದೆ. ಎನ್‌ಎವಿ ಫಂಡು ಕಂಪನಿಗಳ ಸಂಘವಾದ ಆಂಫಿಯ ತಾಣದಲ್ಲಿ ಸಿಗುತ್ತದೆ. ಯೂನಿಟ್ ಸಂಖ್ಯೆಯನ್ನು ಅದರಿಂದ ಗುಣಿಸಿದರೆ ಬೆಲೆ.

ನಾಳೆಯೇ ಎಲ್ಲ ಮಾರುವ ಯೋಚನೆ ಇದ್ದರೆ ಎಕ್ಸಿಟ್ ಲೋಡ್ ಕಳೆದು ನೋಡುವುದು ಪ್ರಾಮಾಣಿಕ ಲೆಕ್ಕ. ಬಹಳಷ್ಟು ಈಕ್ವಿಟಿ ಫಂಡುಗಳಲ್ಲಿ ವರ್ಷ ತುಂಬದ ಯೂನಿಟ್‌ಗೆ 1%. ನಮ್ಮ ಉದಾಹರಣೆಯಲ್ಲಿ 2024ರ ಫೆಬ್ರವರಿ ಮತ್ತು ಸೆಪ್ಟೆಂಬರಿನ ಕಂತುಗಳಿಗೆ ವರ್ಷವಾಗಿಲ್ಲ. ಅವುಗಳ ಬೆಲೆ 16,000 ಎಂದಿಟ್ಟುಕೊಂಡರೆ 160 ರೂಪಾಯಿ ಹೋಗುತ್ತದೆ, XIRR ಸುಮಾರು 13.9% ಆಗುತ್ತದೆ. ಫಂಡಿನ ನಿರ್ವಹಣಾ ವೆಚ್ಚವನ್ನು ಮತ್ತೆ ಕಳೆಯಬೇಡಿ, ಅದು ಎನ್‌ಎವಿಯಲ್ಲೇ ಕಳೆದಿದೆ. ತೆರಿಗೆ ಮಾತ್ರ ಇದರಲ್ಲಿ ಸೇರಿಲ್ಲ.

ಶುರು ಮಾಡಿ ಒಂದೇ ತಿಂಗಳಾಗಿದೆ. XIRR 61% ಎನ್ನುತ್ತಿದೆ!

5,000 ಹಾಕಿ 30 ದಿನಕ್ಕೆ 5,200 ಆಗಿದ್ದರೆ ಗಳಿಕೆ 4%. ಇದೇ ಓಟ ವರ್ಷಪೂರ್ತಿ ನಡೆದರೆ 61% ಎಂದು XIRR ಲೆಕ್ಕ ಹಾಕುತ್ತದೆ. ಅದೇ 5,000 ಇಳಿದು 4,800 ಆಗಿದ್ದರೆ −39% ಎಂದು ಹೆದರಿಸುತ್ತದೆ. ಎರಡಕ್ಕೂ ಬೆಲೆ ಕೊಡಬೇಕಿಲ್ಲ. ಕಂತುಗಳ ಸರಾಸರಿ ವಯಸ್ಸು ಒಂದು ವರ್ಷ ದಾಟುವವರೆಗೆ ‘ಇಷ್ಟು ಕಟ್ಟಿದೆ, ಇಷ್ಟಾಗಿದೆ’ ಎಂಬ ನೇರ ಅಂಕಿಯೇ ಹೆಚ್ಚು ಸತ್ಯ.

ವರ್ಷ ದಾಟಿದ ಮೇಲೂ ಅದು ಬೇಗ ಕದಲುತ್ತದೆ. ನಮ್ಮ ಬೆಳೆಗಾರರ ಫಂಡು ಆ ಕೊನೆಯ ದಿನಕ್ಕೆ 5% ಕಡಿಮೆ ಇದ್ದು ಬೆಲೆ 58,425 ಆಗಿದ್ದರೆ XIRR 14.12%ರ ಬದಲು 10.09% ಇರುತ್ತಿತ್ತು. ಷೇರುಪೇಟೆ 5% ಇಳಿಯುವುದಕ್ಕೆ ಕೆಲವೊಮ್ಮೆ ಒಂದು ವಾರವೂ ಬೇಕಿಲ್ಲ. ಡೆಸಿಮಲ್ ನೋಡಿ ಎರಡು ಫಂಡುಗಳನ್ನು ಹೋಲಿಸುವವರು ಇದನ್ನು ಗಮನದಲ್ಲಿಡಲಿ.

ಮೊಬೈಲ್ ಆ್ಯಪ್‌ನಲ್ಲಿ ಬೇರೆ ಅಂಕಿ, ನನ್ನ ಹಾಳೆಯಲ್ಲಿ ಬೇರೆ. ಯಾವುದು ಸರಿ?

ಎರಡೂ ಸರಿಯಿರಬಹುದು, ಪ್ರಶ್ನೆಗಳೇ ಬೇರೆ ಇರಬಹುದು. ಕೆಲವು ಆ್ಯಪ್‌ಗಳು ಈಗ ಕೈಯಲ್ಲಿರುವ ಯೂನಿಟ್‌ಗಳಿಗೆ ಮಾತ್ರ XIRR ತೋರಿಸುತ್ತವೆ. ಮೊದಲು ಕೊಂಡದ್ದು ಮೊದಲು ಮಾರಿತು ಎಂಬ ನಿಯಮದಲ್ಲಿ, ಶಾಲೆ ಫೀಸಿಗೆ ತೆಗೆದ 12,000 ನಮ್ಮ ಉದಾಹರಣೆಯ ಹಳೆಯ ಯೂನಿಟ್‌ಗಳನ್ನು, 2023ರ ಆರಂಭದವನ್ನು, ಒಯ್ದಿದೆ. ಆ ಯೂನಿಟ್‌ಗಳು ಗಳಿಸಿದ್ದನ್ನು ಆ್ಯಪ್ ಲೆಕ್ಕದಿಂದಲೇ ಕೈಬಿಡುತ್ತದೆ. ಆ್ಯಪ್‌ನಲ್ಲಿ ಹೊರಗಿನಿಂದ ಕೊಂಡ ಫಂಡು ಸೇರಿಸಿದ್ದರೆ, ಹಳೆಯ ವಹಿವಾಟುಗಳು ಪೂರ್ತಿ ಬಾರದೆ ಸೇರಿಸಿದ ದಿನವೇ ಕೊಂಡಂತೆ ದಾಖಲಾಗಿರುವುದೂ ಉಂಟು. ಎರಡು ಕಡೆಯ ‘ಒಟ್ಟು ಹೂಡಿಕೆ’ ಮೊತ್ತವನ್ನು ಮೊದಲು ಹೋಲಿಸಿ. ಅದೇ ಬೇರೆಯಾಗಿದ್ದರೆ ದರವನ್ನು ಹೋಲಿಸುವುದು ವ್ಯರ್ಥ.

ಮೂರು ಫಂಡು ಇವೆ. ಮೂರರ XIRR ಕೂಡಿ ಮೂರರಿಂದ ಭಾಗಿಸಲೇ?

ಬೇಡ. 2,000 ರೂಪಾಯಿಯ ಫಂಡಿಗೂ 2 ಲಕ್ಷದ ಫಂಡಿಗೂ ಸಮಪಾಲು ಕೊಟ್ಟಂತಾಗುತ್ತದೆ. ಮೂರರ ಸಾಲುಗಳನ್ನೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಇಟ್ಟು, ಕೊನೆಗೆ ಮೂರರ ಒಟ್ಟು ಬೆಲೆ ಬರೆದು, ಒಂದೇ XIRR ತೆಗೆಯಿರಿ. ಒಂದೇ ತಾರೀಕು ಎರಡು-ಮೂರು ಸಲ ಬಂದರೆ ಅಡ್ಡಿಯಿಲ್ಲ.

ಹಳೆಯ ಸ್ಟೇಟ್‌ಮೆಂಟ್ ಸಿಗುತ್ತಿಲ್ಲ. ನಡುವಿನಿಂದ ಲೆಕ್ಕ ಹಾಕಬಹುದೇ?

ಹಾಕಬಹುದು. ನಿಮಗೆ ಗೊತ್ತಿರುವ ಒಂದು ದಿನದ ಯೂನಿಟ್ ಸಂಖ್ಯೆಯನ್ನು ಆ ದಿನದ ಎನ್‌ಎವಿಯಿಂದ ಗುಣಿಸಿ, ಆ ಮೊತ್ತವನ್ನು ಮೊದಲ ಸಾಲಿನಲ್ಲಿ ಮೈನಸ್ ಆಗಿ ಬರೆಯಿರಿ, ಅಂದೇ ಎಲ್ಲ ಕೊಂಡಂತೆ. ಮುಂದಿನ ಕಂತುಗಳನ್ನು ಎಂದಿನಂತೆ ಸೇರಿಸಿ. ಬರುವ ಉತ್ತರ ಆ ದಿನದಿಂದ ಈಚಿನದು, ಮೊದಲಿನಿಂದ ಅಲ್ಲ.

ಫಂಡಿನ ಜಾಹೀರಾತಿನಲ್ಲಿ ಬೇರೆ ದರ ಇದೆಯಲ್ಲ? ಬ್ಯಾಂಕ್ ಡೆಪಾಸಿಟ್‌ಗೆ ಇದನ್ನು ಹೋಲಿಸಬಹುದೇ?

ಜಾಹೀರಾತಿನ ದರ ಮೊದಲ ದಿನ ಹಾಕಿ ಕೊನೆಯವರೆಗೂ ಮುಟ್ಟದೆ ಬಿಟ್ಟ ಒಂದೇ ಗಂಟಿನದು. ನಿಮ್ಮ XIRR ನಿಮ್ಮ ದುಡ್ಡು ಯಾವಾಗ ಒಳಗಿತ್ತು ಎಂಬುದನ್ನೂ ಅಳೆಯುತ್ತದೆ. ಬೆಲೆ ಇಳಿದಿದ್ದಾಗ ನವೆಂಬರಿನ 20,000 ಬಿದ್ದಿದ್ದರೆ ಫಂಡಿಗಿಂತ ನಿಮ್ಮದು ಮೇಲೆ, ಏರಿದ್ದಾಗ ಬಿದ್ದಿದ್ದರೆ ಕೆಳಗೆ. ಹಾಗಾಗಿ ಫಂಡು ಒಳ್ಳೆಯದೇ ಎಂದು ತಿಳಿಯಬೇಕಾದರೆ, ಇವೇ ತಾರೀಕುಗಳಲ್ಲಿ ಇದೇ ಮೊತ್ತವನ್ನು ಒಂದು ನಿಫ್ಟಿ ಸೂಚ್ಯಂಕ ಫಂಡಿಗೆ ಹಾಕಿದ್ದರೆ ಎಷ್ಟು ಯೂನಿಟ್ ಸಿಗುತ್ತಿತ್ತು ಎಂದು ಕೂಡಿ, ಅದರ XIRR ಜೊತೆ ಇಟ್ಟು ನೋಡಬೇಕು. ತೆಗೆದ 12,000ಕ್ಕೂ ಅಲ್ಲಿ ಅಷ್ಟೇ ಮೊತ್ತದ ಯೂನಿಟ್ ಕಳೆಯಬೇಕು.

ಡೆಪಾಸಿಟ್ ಜೊತೆ ಹೋಲಿಸುವಾಗ ಒಂದು ಸಣ್ಣ ಹೊಂದಾಣಿಕೆ ಬೇಕು. XIRR ವರ್ಷಕ್ಕೊಮ್ಮೆ ಬಡ್ಡಿ ಸೇರುವ ದರ. ಬ್ಯಾಂಕಿನವರು ಬೋರ್ಡಿನಲ್ಲಿ 7% ಎಂದು ಬರೆದು ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸಿದರೆ, ವರ್ಷದ ಲೆಕ್ಕದಲ್ಲಿ ಅದು 7.19%. ಪಕ್ಕದಲ್ಲಿ ಇಡಬೇಕಾದದ್ದು 7 ಅಲ್ಲ, 7.19.